ಸುಂಕದ ಕಟ್ಟೆ ಎಷ್ಟು ಸಲ ದಾಟುತ್ತೀರಿ?

(ಶಿವಮೊಗ್ಗದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಮಾತಿನೊಳಗೇ ಸೇರಿಸಿದ್ದೇನೆ. ಎರಡು ಮೂರು ಕಡೆ ದಾರಿ ತಪ್ಪಿದ್ದೆ, ಅದನ್ನು ತೆಗೆದಿದ್ದೇನೆ.)

ಮೊದಲೇ ಹೇಳಿಬಿಡುತ್ತೇನೆ, ನನ್ನ ಹತ್ತಿರ ಟಿಪ್ಸ್ ಇಲ್ಲ. ನಾಳೆ ಯಾವ ಶೇರು ಏರುತ್ತೆ ಅಂತ ಕೇಳೋಕೆ ಬಂದಿದ್ದರೆ ಹಿಂದಿನ ಬಾಗಿಲು ತೆರೆದೇ ಇದೆ, ಕಾಫಿಯೂ ಅಲ್ಲೇ ಇದೆ. ನನ್ನದು ತೆರಿಗೆ ರಿಟರ್ನ್ ತುಂಬುವ ಕೆಲಸ. ಜೂನ್, ಜುಲೈ ಬಂತು ಅಂದ್ರೆ ನನ್ನ ಟೇಬಲ್ ಮೇಲೆ ಶೇರು ವ್ಯವಹಾರದ ಲೆಕ್ಕಗಳು ರಾಶಿ ಬೀಳುತ್ತವೆ. ಶೇರು ತಗೊಂಡವರು ಮನೆಯಲ್ಲಿ ಒಂದು ಕತೆ ಹೇಳಿರುತ್ತಾರೆ, ಲೆಕ್ಕ ಇನ್ನೊಂದು ಕತೆ ಹೇಳುತ್ತಿರುತ್ತದೆ. ಆ ಎರಡನೇ ಕತೆ ನನಗೆ ಗೊತ್ತು.

ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. ಇಪ್ಪತ್ತಾರು ವಯಸ್ಸು, ಒಳ್ಳೆಯ ಸಂಬಳ. "ಅಣ್ಣಾ, ಈ ವರ್ಷ ಒಟ್ಟು ಲಾಸ್. ಟ್ಯಾಕ್ಸ್ ಏನೂ ಬರಲ್ಲ ಅಲ್ವಾ?" ಅಂದ. ಲೆಕ್ಕ ತೆರೆದು ನೋಡಿದೆ. ಅವತ್ತೇ ಕೊಂಡು ಅವತ್ತೇ ಮಾರಿದ ವ್ಯವಹಾರದಲ್ಲಿ ₹1,40,000 ನಷ್ಟ. ಕೆಲವು ಶೇರುಗಳನ್ನು ಎರಡು ಮೂರು ವಾರ ಇಟ್ಟುಕೊಂಡು ಮಾರಿದ್ದ, ಅದರಲ್ಲಿ ₹90,000 ಲಾಭ. ಕೂಡಿ ಕಳೆದರೆ ₹50,000 ನಷ್ಟ. ಅವನ ಮಾತು ಸರಿಯೇ. ಆದರೆ ಅವನು ₹18,720 ತೆರಿಗೆ ಕಟ್ಟಬೇಕಾಯಿತು.

ಯಾಕೆ ಅಂದರೆ ಕಾನೂನಿನ ಕಣ್ಣಿಗೆ ಅವು ಎರಡು ಬೇರೆ ಬೇರೆ ಕೆಲಸ. ದಿನದೊಳಗೆ ಮುಗಿಯುವ ಶೇರು ವ್ಯವಹಾರ ಸಟ್ಟಾ ವ್ಯಾಪಾರ. ಅದರ ನಷ್ಟವನ್ನು ಇನ್ನೊಂದು ಸಟ್ಟಾ ಲಾಭದ ಎದುರು ಮಾತ್ರ ಕಳೆಯಬಹುದು. ಎರಡು ವಾರ ಇಟ್ಟು ಮಾರಿದ್ದು ಬಂಡವಾಳ ಲಾಭ. ಈ ಕೊಟ್ಟಿಗೆಯ ಎಮ್ಮೆ ಆ ಕೊಟ್ಟಿಗೆಗೆ ಹೋಗುವ ಹಾಗಿಲ್ಲ. ಹುಡುಗ ಐದು ನಿಮಿಷ ಸುಮ್ನೆ ಕೂತಿದ್ದ. ಆಮೇಲೆ "ಆ್ಯಪ್ ಒಂದೇ, ಅಕೌಂಟ್ ಒಂದೇ, ದುಡ್ಡು ನಂದೇ ಅಲ್ವಾ?" ಅಂತ ಕೇಳಿದ. ಇವತ್ತಿನ ಮಾತು ಹುಟ್ಟಿದ್ದು ಆ ಪ್ರಶ್ನೆಯಿಂದ.

ಆ್ಯಪ್ ಒಂದೇ, ನಿಜ. ಆದರೆ ಆರ್ಡರ್ ಹಾಕುವಾಗ ಒಂದು ಸಣ್ಣ ಗುಂಡಿ ಇರುತ್ತದೆ. ಕೆಲವು ಕಡೆ ಅದರ ಮೇಲೆ MIS, CNC ಅಂತ ಬರೆದಿರುತ್ತದೆ, ಕೆಲವು ಕಡೆ ಇಂಟ್ರಾಡೇ, ಡೆಲಿವರಿ ಅಂತ ಇರುತ್ತದೆ. ಮೊದಲನೆಯದು ಒತ್ತಿದರೆ ಅವತ್ತು ಸಂಜೆಯೊಳಗೆ ವ್ಯವಹಾರ ಮುಗಿಸಲೇಬೇಕು. ನೀವು ಮುಗಿಸದಿದ್ದರೆ ಮೂರೂ ಕಾಲು, ಮೂರೂ ಇಪ್ಪತ್ತರ ಹೊತ್ತಿಗೆ ಬ್ರೋಕರೇ ಮಾರಿಹಾಕಿ, ಅದಕ್ಕೂ ಬೇರೆ ಶುಲ್ಕ ಹಾಕಬಹುದು. ಎರಡನೆಯದು ಒತ್ತಿದರೆ ಶೇರು ನಿಮ್ಮ ಹೆಸರಿನಲ್ಲಿ ಶೇರು ಇಡುವ ಡಿಮ್ಯಾಟ್ ಖಾತೆಗೆ ಬರುತ್ತದೆ. ಎರಡು ವಾರ ಇಟ್ಟರೆ ಸ್ವಿಂಗ್ ಅಂತೀರಿ, ಐದು ವರ್ಷ ಇಟ್ಟರೆ ಹೂಡಿಕೆ ಅಂತೀರಿ. ಆ ಒಂದು ಗುಂಡಿಯಿಂದ ಖರ್ಚು ಬೇರೆ, ತೆರಿಗೆ ಬೇರೆ, ರಾತ್ರಿಯ ನಿದ್ದೆಯೂ ಬೇರೆ.

ಖರ್ಚಿನಿಂದಲೇ ಶುರು ಮಾಡೋಣ. ವ್ಯವಹಾರ ಮಾಡಿದ ದಿನ ಸಂಜೆ ನಿಮಗೆ ಮೇಲ್‌ನಲ್ಲಿ ಬ್ರೋಕರ್ ಕಳಿಸುವ ಅವತ್ತಿನ ಲೆಕ್ಕ, ಅಂದರೆ ಕಾಂಟ್ರ್ಯಾಕ್ಟ್ ನೋಟ್ ಬರುತ್ತೆ ಅಲ್ವಾ? ಕೈ ಎತ್ತಿ ನೋಡೋಣ, ಅದನ್ನು ತೆರೆದು ಓದಿದವರು ಎಷ್ಟು ಜನ? (ಎತ್ತಿದವರು ಮೂವರು.) ಆ ಕಡತದ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಪಟ್ಟಿ ಇರುತ್ತದೆ. ನಾನು ಈಗ ಹೇಳುವುದೆಲ್ಲ ಅದರಲ್ಲೇ ಇದೆ.

₹1 ಲಕ್ಷದ ಶೇರು ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರಿದಿರಿ ಅಂತ ಇಟ್ಟುಕೊಳ್ಳಿ. ಡಿಸ್ಕೌಂಟ್ ಬ್ರೋಕರ್ ಒಂದು ಆರ್ಡರಿಗೆ ₹20 ತಗೊಂಡರೆ ಎರಡಕ್ಕೆ ₹40. ಮಾರುವಾಗ ಶೇರು ವಹಿವಾಟಿನ ತೆರಿಗೆ, ಅಂದರೆ ಎಸ್‌ಟಿಟಿ, ಶೇ. 0.025. ಅದು ₹25. ವಿನಿಮಯ ಕೇಂದ್ರದ ಶುಲ್ಕ ಎರಡೂ ಕಡೆ ಸೇರಿ ಸುಮಾರು ₹6, ಸ್ಟ್ಯಾಂಪ್ ಡ್ಯೂಟಿ ₹3, ಜಿಎಸ್‌ಟಿ ಎಂಟು ರೂಪಾಯಿ ಚಿಲ್ಲರೆ. ಒಟ್ಟು ₹82.

ಲಕ್ಷಕ್ಕೆ ₹82 ಯಾವ ಲೆಕ್ಕ, ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ವರ್ಷಕ್ಕೆ ಮಾರುಕಟ್ಟೆ ಸುಮಾರು 245 ದಿನ ತೆರೆದಿರುತ್ತದೆ. ದಿನಕ್ಕೆ ಒಂದೇ ಒಂದು ಸಲ ಕೊಂಡು ಮಾರಿದರೂ ₹20,000 ಹೋಯಿತು. ನಿಮ್ಮ ಬಂಡವಾಳವೇ ₹1 ಲಕ್ಷ. ಅಂದರೆ ವರ್ಷಕ್ಕೆ ಶೇ. 20 ಲಾಭ ಮಾಡಿದರೆ ನೀವು ಇದ್ದಲ್ಲೇ ಇದ್ದೀರಿ. ದಿನಕ್ಕೆ ಮೂರು ಸಲ ಮಾಡಿದರೆ ₹60,000. ದಿನಕ್ಕೆ ಮೂರು ಸಲ ಅಂದರೆ ಈ ಕೆಲಸ ಮಾಡುವವರಿಗೆ ಅದು ಜಾಸ್ತಿಯೇನಲ್ಲ.

ಇನ್ನೊಂದು ರೀತಿಯಲ್ಲಿ ನೋಡಿ. ನೀವು ಶಿಸ್ತಿನ ಮನುಷ್ಯರು. ₹500 ಲಾಭ ಬಂದರೆ ಹೊರಗೆ, ₹500 ನಷ್ಟ ಆದರೂ ಹೊರಗೆ. ಹತ್ತು ಸಲ ಮಾಡಿದಿರಿ. ಐದರಲ್ಲಿ ಗೆದ್ದಿರಿ, ಐದರಲ್ಲಿ ಸೋತಿರಿ. ಸರಿಸಮ ಆಗಬೇಕಿತ್ತು. ಆದರೆ ಗೆದ್ದಾಗ ಕೈಗೆ ಬಂದದ್ದು ₹418, ಸೋತಾಗ ಕೈಯಿಂದ ಹೋದದ್ದು ₹582. ಕೊನೆಗೆ ₹820 ಕಡಿಮೆ. ಸರಿಸಮ ಆಗಬೇಕಾದರೂ ನೂರರಲ್ಲಿ 58 ಸಲಕ್ಕಿಂತ ಜಾಸ್ತಿ ಗೆಲ್ಲಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಡ ಅಂತಾರಲ್ಲ, ಹಾಗೆ. ನಿಮಗೆ ಲಾಭವೋ ನಷ್ಟವೋ ಅವನು ಕೇಳುವುದಿಲ್ಲ. ಕಟ್ಟೆ ದಾಟಿದಿರಾ, ಕೊಡಿ.

ಈಗ ಸ್ವಿಂಗ್ ನೋಡೋಣ. ಇಲ್ಲಿ ಎಸ್‌ಟಿಟಿ ಕೊಳ್ಳುವಾಗಲೂ ಶೇ. 0.1, ಮಾರುವಾಗಲೂ ಶೇ. 0.1. ಲಕ್ಷಕ್ಕೆ ₹200 ಅಲ್ಲೇ ಆಯಿತು. ಸ್ಟ್ಯಾಂಪ್ ಡ್ಯೂಟಿ ₹15. ಡಿಮ್ಯಾಟ್‌ನಿಂದ ಶೇರು ಹೊರಗೆ ಹೋಗುವಾಗ ಡಿಪಿ ಚಾರ್ಜ್ ಅಂತ ಹದಿನೈದು ರೂಪಾಯಿ ಆಸುಪಾಸು. ಡೆಲಿವರಿಗೆ ಬ್ರೋಕರೇಜ್ ಇಲ್ಲದ ಕಡೆ ಒಟ್ಟು ₹240, ಇರುವ ಕಡೆ ₹290ರ ತನಕ. ಅಂದರೆ ಒಂದು ಸಲಕ್ಕೆ ದಿನದ ವ್ಯವಹಾರಕ್ಕಿಂತ ಇದು ಮೂರು ಪಟ್ಟು ದುಬಾರಿ. ತುಂಬಾ ಜನ ಇದನ್ನೇ ನೋಡಿ ಇಂಟ್ರಾಡೇ ಅಗ್ಗ ಅಂದುಕೊಳ್ಳುತ್ತಾರೆ. ಆದರೆ ಸ್ವಿಂಗ್ ಮಾಡುವವನು ₹500ಕ್ಕೆ ಕಾಯುತ್ತಿಲ್ಲ, ₹5,000ಕ್ಕೆ ಕಾಯುತ್ತಿದ್ದಾನೆ. ಅವನೂ ₹5,000 ಲಾಭ, ₹5,000 ನಷ್ಟ ಅಂತ ಗೆರೆ ಎಳೆದುಕೊಂಡರೆ ನೂರರಲ್ಲಿ 52-53 ಸಲ ಗೆದ್ದರೆ ಸಾಕು. ತಿಂಗಳಿಗೆ ಎರಡು ಸಲದ ಹಾಗೆ ಮಾಡಿದರೆ ವರ್ಷಕ್ಕೆ ಖರ್ಚು ಆರೇಳು ಸಾವಿರ.

ಐದು ವರ್ಷ ಇಟ್ಟುಕೊಂಡವನೂ ಅದೇ ₹240 ಕೊಡುತ್ತಾನೆ, ಒಂದೇ ಸಲ. ಜೊತೆಗೆ ಡಿಮ್ಯಾಟ್‌ನ ವಾರ್ಷಿಕ ಶುಲ್ಕ. ಅವನ ಖರ್ಚಿನ ಬಗ್ಗೆ ಹೇಳಲಿಕ್ಕೆ ನನ್ನ ಹತ್ತಿರ ಇನ್ನೇನೂ ಇಲ್ಲ.

ಕಾಂಟ್ರ್ಯಾಕ್ಟ್ ನೋಟ್‌ನಲ್ಲಿ ಕಾಣದ ಒಂದು ಖರ್ಚೂ ಇದೆ. ಮೊಬೈಲ್‌ನಲ್ಲಿ ಒಂದು ಶೇರಿನ ಮೇಲೆ ಬೆರಳಿಟ್ಟರೆ ಎಡಗಡೆ ಕೊಳ್ಳುವವರ ಐದು ಬೆಲೆ, ಬಲಗಡೆ ಮಾರುವವರ ಐದು ಬೆಲೆ ಕಾಣುತ್ತದೆ. ದೊಡ್ಡ ಕಂಪನಿಯಾದರೆ ಎರಡರ ನಡುವೆ ಐದೋ ಹತ್ತೋ ಪೈಸೆ. ಸಣ್ಣ ಕಂಪನಿ ನೋಡಿ. ಕೊಳ್ಳುವವನು ₹199.80 ಅಂತಾನೆ, ಮಾರುವವನು ₹200.20 ಅಂತಾನೆ. ನೀವು ಅವಸರದಲ್ಲಿ, ಸಿಕ್ಕ ಬೆಲೆಗೆ ಆಗಲಿ ಅನ್ನುವ ಮಾರ್ಕೆಟ್ ಆರ್ಡರ್ ಒತ್ತಿದರೆ ₹200.20ಕ್ಕೆ ಸಿಕ್ಕಿತು. ತಕ್ಷಣ ಬೇಡ ಅನ್ನಿಸಿ ಮಾರಿದರೆ ₹199.80. ಬೆಲೆ ಅಲುಗಾಡಲೇ ಇಲ್ಲ, ಲಕ್ಷಕ್ಕೆ ₹200 ಹೋಯಿತು. ಮೇಲೆ ಹೇಳಿದ ₹82ರ ಎರಡು ಪಟ್ಟಿಗಿಂತ ಜಾಸ್ತಿ. ಇದಕ್ಕೆ ರಸೀದಿ ಬರುವುದಿಲ್ಲ.

ಮುಂದಿನ ಸಾಲಿನಿಂದ ಒಬ್ಬರು ಕೇಳಿದರು: "ಸಾರ್, ಬ್ರೋಕರ್ ಐದು ಪಟ್ಟು ಕೊಡ್ತಾನಲ್ಲ, ಆಗ ಲಾಭವೂ ಐದು ಪಟ್ಟು ಅಲ್ವಾ?"

ಹೌದು, ಕೊಡ್ತಾರೆ. ದಿನದ ವ್ಯವಹಾರಕ್ಕೆ ನಿಮ್ಮ ₹1 ಲಕ್ಷದ ಮೇಲೆ ₹5 ಲಕ್ಷದ ತನಕ ಕೊಳ್ಳಬಹುದು. ಶೇರು ಮಾರುಕಟ್ಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿ ಅದಕ್ಕಿಂತ ಜಾಸ್ತಿಗೆ ಬಿಡುವುದಿಲ್ಲ. ಶೇರು ಶೇ. 1 ಏರಿದರೆ ನಿಮಗೆ ಶೇ. 5, ಇಳಿದರೂ ಶೇ. 5. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನಂದರೆ ಶುಲ್ಕ ಹಾಕುವುದು ₹5 ಲಕ್ಷದ ಮೇಲೆ. ಅದೇ ಪಟ್ಟಿಯನ್ನು ₹5 ಲಕ್ಷಕ್ಕೆ ಹಾಕಿದರೆ ₹220 ದಾಟುತ್ತದೆ. 245 ದಿನಕ್ಕೆ ₹54,000. ನಿಮ್ಮ ಸ್ವಂತ ದುಡ್ಡು ಮಾತ್ರ ಇನ್ನೂ ₹1 ಲಕ್ಷವೇ.

ಇದು ನನ್ನ ಊಹೆಯಲ್ಲ ಅನ್ನೋದಕ್ಕೆ ಒಂದು ಮಾತು. 2024ರ ಜುಲೈನಲ್ಲಿ ಸೆಬಿ ಒಂದು ಅಧ್ಯಯನ ಹೊರಗೆ ತಂದಿತು. 2022-23ರಲ್ಲಿ ಶೇರುಗಳಲ್ಲಿ ದಿನದ ವ್ಯವಹಾರ ಮಾಡಿದ ಹತ್ತು ಜನರಲ್ಲಿ ಏಳು ಜನರಿಗೆ ನಷ್ಟ. ಮೂವತ್ತು ವರ್ಷದೊಳಗಿನವರಲ್ಲಿ ನೂರಕ್ಕೆ 76. ವರ್ಷಕ್ಕೆ ಐನೂರಕ್ಕಿಂತ ಜಾಸ್ತಿ ಸಲ ಮಾಡಿದವರಲ್ಲಿ ನೂರಕ್ಕೆ 80. ಜಾಸ್ತಿ ಮಾಡಿದರೆ ಕೈ ಪಳಗುತ್ತೆ ಅಂತೀವಲ್ಲ, ಇಲ್ಲಿ ಲೆಕ್ಕ ಉಲ್ಟಾ. ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ಅಂಕಿ. ನಷ್ಟ ಮಾಡಿಕೊಂಡವರು, ಆ ನಷ್ಟದ ಶೇ. 57ರಷ್ಟನ್ನು ಮೇಲಿನಿಂದ ಖರ್ಚಿನ ರೂಪದಲ್ಲೂ ಕಟ್ಟಿದ್ದರು. ಅಂದರೆ ಬೆಲೆಯಲ್ಲಿ ₹100 ಕಳಕೊಂಡವನು ಒಟ್ಟು ಕಳಕೊಂಡದ್ದು ₹157.

ಇನ್ನು ತೆರಿಗೆ. ಮೂರು ಜನ ಇದ್ದಾರೆ ಅಂತ ಇಟ್ಟುಕೊಳ್ಳಿ. ಮೂವರೂ ಶೇ. 30ರ ಸ್ಲ್ಯಾಬ್‌ನಲ್ಲಿರುವ ನೌಕರರು. ಮೂವರಿಗೂ ಖರ್ಚೆಲ್ಲ ಕಳೆದು ₹2 ಲಕ್ಷ ಲಾಭ. ಮೊದಲನೆಯವನು ದಿನದ ವ್ಯಾಪಾರಿ. ಅವನ ಲಾಭ ಸಂಬಳದ ಜೊತೆ ಸೇರುತ್ತದೆ, ಶೇ. 30. ಸೆಸ್ ಸೇರಿ ₹62,400. ಎರಡನೆಯವನದು ಸ್ವಿಂಗ್, ಒಂದು ವರ್ಷದೊಳಗಿನ ಬಂಡವಾಳ ಲಾಭ. 2024ರ ಜುಲೈ 23ರಿಂದ ಅದಕ್ಕೆ ಶೇ. 20, ಮೊದಲು ಶೇ. 15 ಇತ್ತು. ಅವನು ₹41,600 ಕಟ್ಟುತ್ತಾನೆ. ಮೂರನೆಯವನು ಹನ್ನೆರಡು ತಿಂಗಳು ದಾಟಿಸಿ ಮಾರಿದ. ಅವನಿಗೆ ವರ್ಷಕ್ಕೆ ₹1.25 ಲಕ್ಷದ ತನಕ ತೆರಿಗೆ ಇಲ್ಲ, ಉಳಿದ ₹75,000ಕ್ಕೆ ಶೇ. 12.5. ಸೆಸ್ ಸೇರಿ ₹9,750.

ಆದರೆ ದಿನದ ವ್ಯಾಪಾರಿಗೆ ಯಾವಾಗಲೂ ತೆರಿಗೆ ಜಾಸ್ತಿ ಅಂತ ಬರೆದುಕೊಳ್ಳಬೇಡಿ, ಅದು ತಪ್ಪು. 2025-26ರಲ್ಲಿ ಹೊಸ ತೆರಿಗೆ ಪದ್ಧತಿಯಲ್ಲಿ ₹12 ಲಕ್ಷದ ತನಕದ ಆದಾಯಕ್ಕೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆ ಆಗುತ್ತೆ ಅಲ್ವಾ? ಸಂಬಳ ₹8 ಲಕ್ಷ, ದಿನದ ವ್ಯವಹಾರದ ಲಾಭ ₹2 ಲಕ್ಷ ಇದ್ದವನಿಗೆ ಎರಡಕ್ಕೂ ಸೇರಿ ತೆರಿಗೆ ಇಲ್ಲ. ಅದೇ ₹2 ಲಕ್ಷ ಸ್ವಿಂಗ್‌ನಲ್ಲಿ ಬಂದಿದ್ದರೆ ಆ ರಿಯಾಯಿತಿ ಅದಕ್ಕೆ ತಾಗುವುದಿಲ್ಲ, ₹41,600 ಕಟ್ಟಲೇಬೇಕು. ಒಂದೇ ದುಡ್ಡು. ಎಷ್ಟು ದಿನ ಕೈಯಲ್ಲಿತ್ತು ಅನ್ನೋದರ ಮೇಲೆ ಅದರ ಜಾತಿ ಬದಲಾಗುತ್ತದೆ. ಎಸ್‌ಟಿಟಿಯನ್ನೂ ದಿನದ ವ್ಯಾಪಾರಿ ತನ್ನ ಖರ್ಚು ಅಂತ ತೋರಿಸಬಹುದು, ಬಂಡವಾಳ ಲಾಭದವನಿಗೆ ಆ ಅವಕಾಶ ಇಲ್ಲ.

ನಷ್ಟಕ್ಕೆ ಬಂದರೆ ದಿನದ ವ್ಯಾಪಾರಿಯ ಕೈ ಬಿಗಿ. ಅವನ ನಷ್ಟವನ್ನು ನಾಲ್ಕು ವರ್ಷ ಮಾತ್ರ ಮುಂದಕ್ಕೆ ಒಯ್ಯಬಹುದು. ಬಂಡವಾಳ ನಷ್ಟಕ್ಕೆ ಎಂಟು ವರ್ಷ ಇದೆ. ಎರಡಕ್ಕೂ ರಿಟರ್ನ್ ಗಡುವಿನೊಳಗೆ ಹೋಗಿರಬೇಕು. "ನಷ್ಟವೇ ಆಗಿದೆ, ರಿಟರ್ನ್ ಯಾಕೆ ಹಾಕಲಿ" ಅನ್ನುವವರು ವರ್ಷವೂ ನಾಲ್ಕೈದು ಜನ ನನ್ನ ಹತ್ತಿರ ಬರುತ್ತಾರೆ, ಅದೂ ಗಡುವು ಮುಗಿದ ಮೇಲೆ. ಆ ನಷ್ಟ ಅಲ್ಲಿಗೆ ಮಣ್ಣುಪಾಲು. ಇನ್ನೊಂದು, ಸಂಬಳದವರು ವರ್ಷಾನುಗಟ್ಟಲೆ ತುಂಬಿದ ITR-1ರಲ್ಲಿ ದಿನದ ವ್ಯವಹಾರ ತೋರಿಸಲು ಜಾಗವೇ ಇಲ್ಲ. ವರ್ಷಕ್ಕೆ ಒಂದೇ ಒಂದು ಸಲ, ನೋಡೋಣ ಅಂತ MIS ಒತ್ತಿದ್ದರೂ ITR-3 ತುಂಬಬೇಕು. ನಿಮ್ಮ ₹300 ಲಾಭಕ್ಕೆ ನನಗೆ ಕೊಡುವ ಫೀಸ್ ಅದಕ್ಕಿಂತ ಜಾಸ್ತಿ. ನನಗೇನೋ ಒಳ್ಳೆಯದೇ.

ಈಗ ನಿದ್ದೆಯ ವಿಷಯ. ಇದನ್ನು ಬೋರ್ಡಿನ ಮೇಲೆ ಬರೆಯೋಕೆ ಆಗಲ್ಲ. ಆದ್ದರಿಂದ ಒಂದು ನಿಜವಾದ ದಿನ ಹೇಳುತ್ತೇನೆ.

2023ರ ಏಪ್ರಿಲ್ 13, ಗುರುವಾರ. ಅವತ್ತು ಇನ್ಫೋಸಿಸ್ ಶೇರು ₹1,389ರ ಆಸುಪಾಸು ಮುಗಿಯಿತು. ಮಾರುಕಟ್ಟೆ ಮುಚ್ಚಿದ ಮೇಲೆ ಕಂಪನಿ ತ್ರೈಮಾಸಿಕ ಫಲಿತಾಂಶ ಕೊಟ್ಟಿತು. ಜನ ಎಣಿಸಿದ್ದಕ್ಕಿಂತ ತುಂಬಾ ಸಪ್ಪೆ. ಮಾರನೆಯ ದಿನ ಶುಕ್ರವಾರ ಅಂಬೇಡ್ಕರ್ ಜಯಂತಿ, ರಜೆ. ಆಮೇಲೆ ಶನಿವಾರ, ಭಾನುವಾರ. ಮೂರು ದಿನ ಸುದ್ದಿ ಎಲ್ಲರ ಕೈಯಲ್ಲಿತ್ತು, ಮಾರಲು ಮಾತ್ರ ಯಾರಿಗೂ ಬಾಗಿಲು ಇರಲಿಲ್ಲ. ಸೋಮವಾರ, 17ನೇ ತಾರೀಕು, ಶೇರು ಶೇ. 9ಕ್ಕಿಂತ ಜಾಸ್ತಿ ಕುಸಿದು ₹1,258ರ ಹತ್ತಿರ ನಿಂತಿತು. ದಿನದ ನಡುವೆ ಅದಕ್ಕಿಂತಲೂ ಕೆಳಗೆ ಹೋಗಿ ಬಂದಿತ್ತು.

ಆ ವಾರ ಯಾರೋ ಒಬ್ಬರು ಸ್ವಿಂಗ್‌ಗೆ ಅಂತ ₹1,400ಕ್ಕೆ 70 ಶೇರು ಕೊಂಡಿದ್ದರು ಅಂತ ಇಟ್ಟುಕೊಳ್ಳಿ. ಬೆಲೆ ₹1,350ಕ್ಕೆ ಇಳಿದರೆ ತಾನಾಗಿ ಮಾರಿಬಿಡು ಅನ್ನುವ ಆರ್ಡರ್, ಅಂದರೆ ಸ್ಟಾಪ್ ಲಾಸ್, ಹಾಕಿದ್ದರು. ಅಂದರೆ ಹೆಚ್ಚೆಂದರೆ ₹3,500 ಹೋಗಲಿ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಆದರೆ ಸೋಮವಾರ ₹1,350 ಅನ್ನುವ ಬೆಲೆಯೇ ಬರಲಿಲ್ಲ. ಶೇರು ಅದನ್ನು ಹಾರಿಕೊಂಡು ಕೆಳಗೇ ತೆರೆಯಿತು. ₹1,258 ಸಿಕ್ಕಿತು ಅಂದರೂ ನಷ್ಟ ₹9,940. ಅವರು ಹಾಕಿದ್ದು ಮಿತಿ ಬೆಲೆಯ ಸ್ಟಾಪ್ ಲಾಸ್, ಅಂದರೆ "₹1,345ಕ್ಕಿಂತ ಕಡಿಮೆಗೆ ಮಾರಬೇಡ" ಅನ್ನುವ ತರದ್ದು ಆಗಿದ್ದರೆ ಇನ್ನೂ ಕಷ್ಟ. ಆ ಆರ್ಡರ್ ಎಚ್ಚರಾಗುತ್ತದೆ, ಆದರೆ ಆ ಬೆಲೆಗೆ ಕೊಳ್ಳುವವರು ಯಾರೂ ಇಲ್ಲ. ಸುಮ್ನೆ ಸಾಲಿನಲ್ಲಿ ನಿಂತಿರುತ್ತದೆ. ನೀವು ಮಾರಿ ಆಯಿತು ಅಂದುಕೊಂಡು ಕೆಲಸಕ್ಕೆ ಹೋಗಿರುತ್ತೀರಿ.

ಸ್ವಿಂಗ್‌ನ ಒತ್ತಡ ಇರುವುದು ಇಲ್ಲಿ. ಹಗಲು ಅಷ್ಟೇನಿಲ್ಲ, ರಾತ್ರಿ ಮತ್ತು ರಜಾ ದಿನಗಳಲ್ಲಿ. ಸ್ಟಾಪ್ ಲಾಸ್ ಕೆಲಸ ಮಾಡುವುದು ಮಾರುಕಟ್ಟೆ ತೆರೆದಿದ್ದಾಗ, ಸುದ್ದಿ ಬರುವುದು ಅದು ಮುಚ್ಚಿದಾಗ. ಅದಕ್ಕೆ ಕೊಳ್ಳುವ ಮೊದಲು ಫಲಿತಾಂಶದ ದಿನಾಂಕ ನೋಡಿಕೊಳ್ಳಿ ಅನ್ನೋದು. ಆ ತಾರೀಕು ವಿನಿಮಯ ಕೇಂದ್ರದ ಜಾಲತಾಣದಲ್ಲಿ ಮೊದಲೇ ಇರುತ್ತದೆ.

ದಿನದ ವ್ಯಾಪಾರಿ ಆ ಗುರುವಾರ ಸಂಜೆ ಆರಾಮಾಗಿದ್ದ. ಅವನ ಕೈಯಲ್ಲಿ ಒಂದು ಶೇರೂ ಇರಲಿಲ್ಲ. ಇದು ಅವನ ದಾರಿಯ ನಿಜವಾದ ಅನುಕೂಲ, ಇಲ್ಲ ಅನ್ನಬಾರದು. ಅವನು ಅದಕ್ಕೆ ಬೆಲೆ ಕಟ್ಟುವುದು ಹಗಲಿನಲ್ಲಿ. ಆ ಬೆಲೆ ನಾನೂ ಕಟ್ಟಿದ್ದೇನೆ, ಎಂಟು ತಿಂಗಳು.

ಆಗ ನಾನು ಇನ್ನೊಬ್ಬರ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಬೆಳಿಗ್ಗೆ ಒಂಬತ್ತೂ ಕಾಲಿಗೆ ಸರಿಯಾಗಿ ನನಗೆ ಬಾತ್‌ರೂಮಿಗೆ ಹೋಗಬೇಕಾಗುತ್ತಿತ್ತು. ಮೊದಲ ಹದಿನೈದು ನಿಮಿಷ ಅಲ್ಲೇ. ಜೊತೆಯವರು ಪಾಪ, ನನಗೆ ಹೊಟ್ಟೆಯ ತೊಂದರೆ ಅಂದುಕೊಂಡು ಒಬ್ಬ ನಾಟಿ ವೈದ್ಯರ ಹೆಸರು ಹೇಳಿದ್ದರು. ಊಟದ ಡಬ್ಬಿ ತೆರೆದರೆ ಒಂದು ಕೈ ಅನ್ನದಲ್ಲಿ, ಇನ್ನೊಂದು ಕೈ ಮೊಬೈಲಿನಲ್ಲಿ. ಒಂದು ದಿನ ₹140ರ ಹತ್ತಿರ ಇದ್ದ ಶೇರು 700 ಕೊಂಡೆ. ಸುಮಾರು ₹98,000. ನನ್ನ ಖಾತೆಯಲ್ಲಿ ಇದ್ದದ್ದು ₹25,000, ಉಳಿದದ್ದು ಬ್ರೋಕರ್ ಕೊಟ್ಟ ಬಲ. ಮಧ್ಯಾಹ್ನ ಎರಡರ ಹೊತ್ತಿಗೆ ಮೂರು ರೂಪಾಯಿ ಇಳಿದಿತ್ತು. ₹2,100 ನಷ್ಟ. ಮಾರಿ ಕೈ ತೊಳಕೊಂಡಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು.

ನಾನು ಮಾಡಿದ್ದೇನು? ಆ್ಯಪ್‌ನಲ್ಲಿ ಕನ್ವರ್ಟ್ ಅಂತ ಒಂದು ಆಯ್ಕೆ ಇರುತ್ತದೆ. MIS ಇದ್ದದ್ದನ್ನು CNC ಮಾಡಬಹುದು. ಅದಕ್ಕೆ ಪೂರ್ತಿ ದುಡ್ಡು ಬೇಕು. ಮಗಳ ಸ್ಕೂಲ್ ಫೀಸಿಗೆ ಅಂತ ಇಟ್ಟಿದ್ದ ದುಡ್ಡನ್ನು ಎರಡೂ ಮುಕ್ಕಾಲಿಗೆ ಕಳಿಸಿದೆ. "ಒಳ್ಳೆ ಕಂಪನಿ, ಒಂದು ವಾರ ಇಟ್ಟರೆ ಏರುತ್ತೆ" ಅಂತ ನನಗೆ ನಾನೇ ಹೇಳಿಕೊಂಡೆ. ಒಂದು ವಾರಕ್ಕೆ ₹131. ಆಗ "ನಾನು ಲಾಂಗ್ ಟರ್ಮ್ ಇನ್ವೆಸ್ಟರ್" ಅಂದೆ. ಬೆಳಿಗ್ಗೆ ದಿನದ ವ್ಯಾಪಾರಿಯಾಗಿ ಎದ್ದವನು ಎಂಟೇ ದಿನದಲ್ಲಿ ಹೂಡಿಕೆದಾರ ಆಗಿದ್ದೆ. ಕಂಪನಿ ಏನು ತಯಾರಿಸುತ್ತೆ ಅನ್ನೋದು ಮಾತ್ರ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ನಿಜ ಹೇಳ್ತೀನಿ, ಗೂಗಲ್ ಮಾಡಿ ನೋಡಿದ್ದು ಆಮೇಲೆ. ನಾಲ್ಕು ವರ್ಷ ಇಟ್ಟುಕೊಂಡು ₹68ಕ್ಕೆ ಮಾರಿದೆ. ₹2,100ರ ನಷ್ಟ ₹50,400 ಆಗಿತ್ತು. ಫೀಸಿಗೆ ಸಾಲ ಮಾಡಿದ್ದು ಬೇರೆ.

ನನ್ನ ಟೇಬಲ್ ಮೇಲೆ ಬರುವ ಲೆಕ್ಕಗಳಲ್ಲಿ ಇದೇ ರೋಗ ಜಾಸ್ತಿ. ಗುರುತಿಸುವುದೂ ಸುಲಭ. ಲಾಭದ ವ್ಯವಹಾರ ನೋಡಿದರೆ ಎಲ್ಲವೂ ಒಂದು ಗಂಟೆ, ಎರಡು ದಿನ. ನಷ್ಟದ್ದು ನೋಡಿದರೆ ಎಂಟು ತಿಂಗಳು, ಎರಡು ವರ್ಷ. ಯಾರೂ ಲಾಭದಲ್ಲಿರುವ ಶೇರನ್ನು "ಇರಲಿ, ಲಾಂಗ್ ಟರ್ಮ್" ಅಂತ ಕನ್ವರ್ಟ್ ಮಾಡಿಲ್ಲ. ಕನ್ವರ್ಟ್ ಆಗುವುದೆಲ್ಲ ಸೋತದ್ದೇ. ಹೀಗೆ ಕೂಡಿದ ಖಾತೆಯಲ್ಲಿ ಮೂರೂ ದಾರಿಯ ಕಷ್ಟ ಇರುತ್ತದೆ. ದಿನದ ವ್ಯವಹಾರದ ಖರ್ಚು, ಸ್ವಿಂಗ್‌ನ ರಾತ್ರಿ, ಮತ್ತು ದುಡ್ಡು ವರ್ಷಗಟ್ಟಲೆ ಸಿಕ್ಕಿಬೀಳುವ ದೀರ್ಘಕಾಲ.

ಈಗ ನಾನು ಮಾಡುವುದು ಇಷ್ಟೇ. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ, ಕೊಳ್ಳುವ ಮೊದಲು, ಒಂದು ಸಾಲು ಬರೆಯುತ್ತೇನೆ. ಎಷ್ಟು ದಿನಕ್ಕೆ ಕೊಳ್ಳುತ್ತಿದ್ದೇನೆ, ಏನಾದರೆ ಮಾರುತ್ತೇನೆ. ವರ್ಷಗಳಿಗೆ ಅಂತ ಬರೆದರೆ "ಏನಾದರೆ ಮಾರುತ್ತೇನೆ" ಅನ್ನುವಲ್ಲಿ ಬೆಲೆ ಇರುವ ಹಾಗಿಲ್ಲ. ಕಂಪನಿಯ ಸಾಲವೋ, ಲಾಭವೋ, ಮಾಲೀಕರು ಶೇರು ಅಡ ಇಟ್ಟದ್ದೋ, ಅಂಥದ್ದು ಇರಬೇಕು. ಆ ಜಾಗದಲ್ಲಿ ಬರೆಯಲು ಏನೂ ಹೊಳೆಯದಿದ್ದರೆ ಕೊಳ್ಳುವುದಿಲ್ಲ.

ದೀರ್ಘಕಾಲ ಇಟ್ಟವರಿಗೆ ಒತ್ತಡವೇ ಇಲ್ಲ ಅಂತಲೂ ನಾನು ಹೇಳಲಾರೆ. ಅದೇ ಇನ್ಫೋಸಿಸ್ ನೋಡಿ. ಆ ಏಪ್ರಿಲ್‌ನಲ್ಲಿ ₹1,389ಕ್ಕೆ ಕೊಂಡು, ಕುಸಿತ ನೋಡಿಯೂ ಸುಮ್ನೆ ಕೂತವರಿಗೆ 2024ರ ಡಿಸೆಂಬರ್‌ನಲ್ಲಿ ₹1,900 ದಾಟಿದ್ದು ಕಂಡಿತು. ಮದುವೆ ಮನೆಗಳಲ್ಲಿ ಅವರ ಮಾತು ಜೋರಾಗಿತ್ತು. 2025ರ ಏಪ್ರಿಲ್‌ನಲ್ಲಿ ಅದೇ ಶೇರು ಮತ್ತೆ ₹1,400ರ ಆಸುಪಾಸು. ಎರಡು ವರ್ಷ ಕಳೆದು ಬೆಲೆಯಲ್ಲಿ ಹೆಚ್ಚುಕಡಿಮೆ ಹೊರಟಲ್ಲಿಗೇ ಬಂದರು. ನಡುವೆ ಶೇರಿಗೆ ₹84.50 ಡಿವಿಡೆಂಡ್ ಬಂತು, ಅದಕ್ಕೂ ಸ್ಲ್ಯಾಬ್ ಪ್ರಕಾರ ತೆರಿಗೆ. ಬ್ಯಾಂಕಿನ ಎಫ್‌ಡಿ ಅದಕ್ಕಿಂತ ಜಾಸ್ತಿ ಕೊಟ್ಟಿರುತ್ತಿತ್ತು. ಅವರ ಒತ್ತಡ ಒಂಬತ್ತೂ ಕಾಲಿಗೆ ಬರುವಂಥದ್ದಲ್ಲ. ತಿಂಗಳಿಗೊಮ್ಮೆ ಖಾತೆ ತೆರೆದಾಗ, "ಅವತ್ತೇ ಮಾರಿದ್ದರೆ" ಅಂತ ಹೆಂಡತಿಯೋ ಗಂಡನೋ ಹೇಳಿದಾಗ ಬರುವಂಥದ್ದು.

1993ರಲ್ಲಿ ಇನ್ಫೋಸಿಸ್ ₹95ಕ್ಕೆ ಶೇರು ಕೊಟ್ಟಿತ್ತು, ಅವತ್ತು ನೂರು ಶೇರು ತಗೊಂಡಿದ್ದರೆ ಅಂತ ಹೇಳುವ ಒಬ್ಬ ಮಾವ ಕರ್ನಾಟಕದ ಪ್ರತಿ ಮನೆಯಲ್ಲೂ ಇರುತ್ತಾರೆ. ನಮ್ಮ ಮಾವನೂ ಹೇಳುತ್ತಾರೆ. ಆದರೆ ಆ ಕಾಲದಲ್ಲೇ ಅವರು ನಿಜವಾಗಿ ಕೊಂಡಿದ್ದ ನಾಲ್ಕು ಕಂಪನಿಗಳ ಕಾಗದದ ಶೇರುಗಳು ಅವರ ಟ್ರಂಕಿನಲ್ಲಿವೆ. ನಾಲ್ಕೂ ಈಗ ಇಲ್ಲ. ಇಟ್ಟುಕೊಂಡದ್ದು ಅಷ್ಟೇ ವರ್ಷ.

ಕೊನೆಗೆ ಪ್ರಶ್ನೆ ಕೇಳಿ ಅಂದಾಗ, ಹಿಂದಿನ ಸಾಲಿನಲ್ಲಿದ್ದ ಒಬ್ಬರು ನಿವೃತ್ತ ಮೇಷ್ಟ್ರು ಎದ್ದರು. "ನನ್ನ ಹತ್ತಿರ ಒಂದು ಶೇರು ಇದೆ. ಈಗ ₹3 ಲಕ್ಷ ಬೆಲೆ, ₹80,000 ಲಾಭ. ನಾಳೆ ಬೆಳಿಗ್ಗೆ ಮಾರೋಣ ಅಂತಿದ್ದೆ. ಮಾರಲಾ?"

ಮಾರಬೇಕೋ ಬೇಡವೋ ಗೊತ್ತಿಲ್ಲ ಸಾರ್, ಕೊಂಡ ತಾರೀಕು ಹೇಳಿ ಅಂದೆ. ಎಲ್ಲ ಒಂದೇ ದಿನ ಕೊಂಡದ್ದಾ, ಕಂತಿನಲ್ಲಾ? ಕಂತಿನಲ್ಲಾದರೆ ಮೊದಲು ಬಂದದ್ದು ಮೊದಲು ಹೋಯಿತು ಅಂತ ಲೆಕ್ಕ, ಪ್ರತಿ ಕಂತಿಗೂ ಬೇರೆ ವರ್ಷ ಎಣಿಸಬೇಕು. ಒಂದೇ ದಿನ ಅಂದರು. ಕನ್ನಡಕ ಹಾಕಿಕೊಂಡು, ಪಕ್ಕದ ಹುಡುಗನ ಸಹಾಯದಿಂದ ಮೊಬೈಲ್‌ನಲ್ಲಿ ಹುಡುಕಿದರು. ಎಲ್ಲರೂ ಕಾದೆವು.

"ಬರುವ ಶುಕ್ರವಾರಕ್ಕೆ ವರ್ಷ ತುಂಬುತ್ತೆ."

ಅವರ ತೆರಿಗೆಯನ್ನು ಬೋರ್ಡಿನ ಮೇಲೆ ಹಾಕಿದೆ. ನಾಳೆ ಮಾರಿದರೆ, ಬೇರೆ ಆದಾಯದಿಂದಲೇ ಅವರ ಮೂಲ ವಿನಾಯಿತಿಯ ಮಿತಿ ಮುಗಿದಿರುವುದರಿಂದ, ₹80,000ಕ್ಕೆ ಶೇ. 20, ಸೆಸ್ ಸೇರಿ ₹16,640. ಶುಕ್ರವಾರ ದಾಟಿಸಿ ಮುಂದಿನ ಸೋಮವಾರ ಮಾರಿದರೆ, ಈ ವರ್ಷ ಬೇರೆ ದೀರ್ಘಕಾಲದ ಲಾಭ ಇಲ್ಲದಿದ್ದರೆ, ₹1.25 ಲಕ್ಷದ ಒಳಗೇ ಇರುವುದರಿಂದ ಸೊನ್ನೆ. ಆದರೆ ಕಾಯುವ ಆ ಒಂದು ವಾರದಲ್ಲಿ ಶೇರು ಶೇ. 5.5ಕ್ಕಿಂತ ಜಾಸ್ತಿ ಇಳಿದರೆ ಉಳಿಸಿದ ತೆರಿಗೆಗಿಂತ ಕಳಕೊಂಡದ್ದೇ ಜಾಸ್ತಿ ಆಗುತ್ತದೆ. ಕಂಪನಿಯ ಫಲಿತಾಂಶ ಯಾವತ್ತು ಇದೆ ಸಾರ್ ಅಂತ ಕೇಳಿದೆ.

ಅವರು ಮತ್ತೆ ಮೊಬೈಲ್ ಹುಡುಗನ ಕೈಗೆ ಕೊಟ್ಟರು. ಹುಡುಗ ನೋಡಿ ನಕ್ಕ. "ಗುರುವಾರ ಸಂಜೆ" ಅಂದ.